ಸೆರಗಿನ ಕೊಂಡಿ ಮತ್ತು ರೀಲ್ಸಿನ ಅಡಿಬರಹ

ಈಗ ಕೈಮಗ್ಗದ ಸೀರೆ ಮಾರುವವರು ದಿನವೂ ಬರೆಯುವಷ್ಟು ಗದ್ಯವನ್ನು ನಾವು ಕಥೆಗಾರರು ಬರೆಯುತ್ತಿರಲಾರೆವು. ಇನ್‌ಸ್ಟಾಗ್ರಾಮಿನಲ್ಲಿ ಅರ್ಧ ನಿಮಿಷದ ಒಂದು ರೀಲ್, ಅದರ ಕೆಳಗೆ ನಾಲ್ಕಾರು ಸಾಲು. ಕ್ಯಾಪ್ಷನ್ ಎಂದು ಕರೆಯುವ ಈ ಬರಹವನ್ನು ಇಲ್ಲಿ ಅಡಿಬರಹ ಎನ್ನೋಣ. ಇದನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ವಿಮರ್ಶೆಯ ಮಾತಂತೂ ದೂರ ಉಳಿಯಿತು. ಆದರೆ ಮಗ್ಗದಿಂದ ಇಳಿದ ಸೀರೆಯೊಂದು ತನ್ನ ಬೆಲೆಗೆ ಹೋಗುತ್ತದೋ ಅಥವಾ ವಿದ್ಯುತ್ ಮಗ್ಗದ ನಕಲಿನ ಬೆಲೆಗೆ ಇಳಿಯುತ್ತದೋ ಎಂಬುದು ಹಲವು ಸಲ ಈ ಸಾಲುಗಳಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಇದನ್ನೂ ಒಂದು ಬರಹವೆಂದೇ ಓದಿ ನೋಡಬೇಕಾಗಿದೆ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳೋಣ. ನಾವು ನೋಡಿದ ಹಲವು ಅಡಿಬರಹಗಳನ್ನು ಕಲೆಹಾಕಿದರೆ ಸಿಗುವ ಮಾದರಿ ಹೀಗಿದೆ: "ಶುಭೋದಯ ಸ್ನೇಹಿತರೇ! ನಮ್ಮ ಸಂಸ್ಕೃತಿಯ ಹೆಮ್ಮೆ, ಶತಮಾನಗಳ ಪರಂಪರೆ, ಪ್ರತಿ ಎಳೆಯಲ್ಲೂ ಒಂದು ಕಥೆ. ಹೊಸ ಸೀರೆಗಳು ಬಂದಿವೆ. ಬೆಲೆಗಾಗಿ ಮೆಸೇಜ್ ಮಾಡಿ, ಲೈಕ್ ಮಾಡಿ, ಫಾಲೋ ಮಾಡಿ, ಗೆಳತಿಯರಿಗೆ ಕಳಿಸಿ." ಇದರ ಬಾಲಕ್ಕೆ #saree #love #trending #fashion ಎಂಬ ಹ್ಯಾಶ್‌ಟ್ಯಾಗುಗಳು.

ಪ್ರತಿ ಎಳೆಯಲ್ಲೂ ಒಂದು ಕಥೆ ಎಂದು ಬರೆದವರು ಒಂದು ಎಳೆಯ ಕಥೆಯನ್ನೂ ಹೇಳಿಲ್ಲ. ಈ ಸಾಲುಗಳನ್ನು ಮೊಳಕಾಲ್ಮೂರಿನ ಸೀರೆಗೆ ಹಚ್ಚಿದರೂ ನಡೆಯುತ್ತದೆ, ಪೈಠಣಿಗೆ ಹಚ್ಚಿದರೂ ನಡೆಯುತ್ತದೆ, ಸೂರತ್ತಿನಿಂದ ಮೂಟೆಗಟ್ಟಲೆ ಬರುವ ಪಾಲಿಯೆಸ್ಟರಿಗೆ ಹಚ್ಚಿದರೂ ನಡೆಯುತ್ತದೆ. ನಕಲು ಮಾರುವವನು ಇದನ್ನು ಅಕ್ಷರ ಬಿಡದೆ ಎತ್ತಿಕೊಳ್ಳಬಹುದು, ಎತ್ತಿಕೊಳ್ಳುತ್ತಾನೆ ಕೂಡ. ಕಥೆಯೆಂದರೆ ಹೊಗಳಿಕೆ ಎಂದು ತಿಳಿದದ್ದೇ ಇಲ್ಲಿನ ದೋಷ.

ಇಳಕಲ್ ಸೀರೆಯಲ್ಲಿ ಹೇಳಬೇಕಾದ ಕಥೆ ಇರುವುದು ಅದರ ಸೆರಗಿನಲ್ಲಿ. ಸಾಂಪ್ರದಾಯಿಕ ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ಬೇರೆಯದೇ ಆದ ಕೆಂಪು ರೇಷ್ಮೆಯ ಹಾಸು. ಹಾಸೆಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲು, ಹೊಕ್ಕೆಂದರೆ ಲಾಳಿ ಅಡ್ಡಕ್ಕೆ ಒಯ್ಯುವ ನೂಲು. ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಇಷ್ಟು ಶ್ರಮ ಏತಕ್ಕೆಂದರೆ, ಹಾಸು ಕಪ್ಪಾಗಿದ್ದು ಹೊಕ್ಕು ಮಾತ್ರ ಕೆಂಪಾದರೆ ಸೆರಗಿನ ಕೆಂಪು ಮಂಕಾಗುತ್ತದೆ. ಹಾಸೂ ಹೊಕ್ಕೂ ಎರಡೂ ಕೆಂಪಾದಾಗಲೇ ಅದು ಇಳಕಲ್ಲಿನ ತುಂಬು ಕೆಂಪು. ಆ ಕೆಂಪಿನ ನಡುವೆ ಬಿಳಿಯ ಪಟ್ಟೆಗಳು ಹಲ್ಲುಹಲ್ಲಾಗಿ ಮೂಡಿದ್ದೇ ತೋಪು ತೆನಿ ಸೆರಗು. ಅಡಿಬರಹದಲ್ಲಿ ಇದಿಷ್ಟನ್ನು ಮೂರು ವಾಕ್ಯಗಳಲ್ಲಿ ಹೇಳಬಹುದು. ರೀಲಿನಲ್ಲಿ ಸೆರಗನ್ನು ಮಗುಚಿ ಮೈಯೂ ಸೆರಗೂ ಕೂಡುವ ಜಾಗವನ್ನು ಹತ್ತಿರದಿಂದ ತೋರಿಸಿದರೆ ಬರಹಕ್ಕೆ ಸಾಕ್ಷಿಯೂ ಸಿಕ್ಕಿತು. ಸೆರಗಿಗೂ ಮೈಯ ಹಾಸೇ ಮುಂದುವರಿದ ನಕಲನ್ನು ಮಾರುವವನು ಈ ಕಥೆಯನ್ನು ಕದಿಯುವಂತಿಲ್ಲ. ಮಗುಚಿ ತೋರಿಸಲು ಅವನ ಬಳಿ ಏನೂ ಇಲ್ಲ.

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ರೀಲಿನ ಅಡಿಬರಹದಲ್ಲಿ ಮೊದಲು ಕಾಣುವುದು ಆರಂಭದ ಕೆಲವೇ ಪದಗಳು. ಉಳಿದದ್ದು ಮಡಿಕೆಯೊಳಗೆ ಇರುತ್ತದೆ, ಬೆರಳು ತಾಗಿಸಿದವರಿಗಷ್ಟೇ ತೆರೆಯುತ್ತದೆ. ಒಟ್ಟು 2,200 ಅಕ್ಷರಗಳಿಗೆ ಜಾಗವಿದ್ದರೂ ಅದು ಸಿಗುವುದು ಆ ಬಾಗಿಲು ದಾಟಿದ ಮೇಲೆ. ಗಜಲಿನ ಮತ್ಲಾ ಇದ್ದ ಹಾಗೆ, ಮೊದಲ ಶೇರಿನಲ್ಲೇ ಕೇಳುಗನಿಗೆ ಇಡೀ ಗಜಲಿನ ಪ್ರಾಸ ಗೊತ್ತಾಗಿಬಿಡಬೇಕು. "ಶುಭೋದಯ ಸ್ನೇಹಿತರೇ" ಎಂಬಲ್ಲಿ ಆ ಜಾಗವೆಲ್ಲ ಹೋಯಿತು. ರೀಲು ತಲುಪುವ ಹೊತ್ತಿಗೆ ಅಲ್ಲಿ ಉದಯವೂ ಆಗಿರುವುದಿಲ್ಲ! ಅದರ ಬದಲು "ಇಳಕಲ್ ಸೀರೆ, ಆದರೆ ಸೆರಗಿನ ಹಾಸೇ ಬೇರೆ" ಎಂದು ಬರೆದರೆ ವಸ್ತುವಿನ ಹೆಸರೂ ಬಂತು, ಕುತೂಹಲವೂ ಉಳಿಯಿತು.

ಹುಡುಕುವ ಪದಗಳ ವಿಷಯದಲ್ಲಿ ನಡೆಯುವುದು ಇನ್ನೊಂದು ಬಗೆಯ ಅವಾಂತರ. ಸೀರೆ ಬೇಕಾದವರು "ಹೆಮ್ಮೆ" ಎಂದಾಗಲಿ, love ಎಂದಾಗಲಿ ಹುಡುಕುವುದಿಲ್ಲ. ಕನ್ನಡದವರೂ ಬಹುಮಟ್ಟಿಗೆ ರೋಮನ್ ಅಕ್ಷರಗಳಲ್ಲಿ Ilkal saree ಎಂದು ಒತ್ತುತ್ತಾರೆ. ಈ ಸೀರೆಯನ್ನು ಪ್ರೀತಿಯಿಂದ ಉಡುವ ಮಹಾರಾಷ್ಟ್ರದಲ್ಲಿ ಇದರ ಹೆಸರೇ ಇರಕಲ್. ಅವರು ಒತ್ತುವುದು Irkal saree. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಎಷ್ಟೋ ಮಾರಾಟಗಾರರಿಗೆ ಆ ಗಿರಾಕಿಗಳು ಕಾಣಿಸುವುದೇ ಇಲ್ಲ. ಪದಗಳನ್ನು ಹ್ಯಾಶ್‌ಟ್ಯಾಗಿನ ಗೊಂಚಲಾಗಿ ಕೊನೆಗೆ ಸುರಿಯುವ ಅಗತ್ಯವಿಲ್ಲ. ಹುಡುಕಾಟಕ್ಕೆ ಅಡಿಬರಹದ ಸಾಮಾನ್ಯ ವಾಕ್ಯದಲ್ಲಿರುವ ಪದವೂ ಸಿಗುತ್ತದೆ. 2025ರ ಜುಲೈಯಿಂದ ಇನ್‌ಸ್ಟಾಗ್ರಾಮಿನ ವ್ಯಾಪಾರಿ ಖಾತೆಗಳ ಸಾರ್ವಜನಿಕ ರೀಲುಗಳು ಗೂಗಲಿನಲ್ಲೂ ಕಾಣಿಸಿಕೊಳ್ಳಬಹುದಾಗಿದೆ. ಅಲ್ಲಿ ಹುಡುಕುವವರಿಗೆ ಬೇಕಾದದ್ದು ಊರು, ನೂಲು, ದಡಿಯ ಹೆಸರು. ಚಿಕ್ಕಿ ದಡಿ, ಗೋಮಿ ದಡಿ ಎಂದು ನೇಕಾರರು ಹೇಳುವ ಪದಗಳೇ ಒಳ್ಳೆಯ ಹುಡುಕು ಪದಗಳು.

ಇಲ್ಲೊಂದು ಎಚ್ಚರಿಕೆ ಬೇಕು. handloom, pure silk ಎಂಬ ಪದಗಳಿಗೆ ಹುಡುಕಾಟ ಹೆಚ್ಚೆಂದು ಅವನ್ನು ಎಲ್ಲ ಸೀರೆಗೂ ಅಂಟಿಸುವವರಿದ್ದಾರೆ. ಇಳಕಲ್ಲಿನ ಸೆರಗಿಗೆ ಶುದ್ಧ ರೇಷ್ಮೆಯನ್ನೂ ಬಳಸುತ್ತಾರೆ, ಕೃತಕ ರೇಷ್ಮೆಯನ್ನೂ ಬಳಸುತ್ತಾರೆ. ಎರಡರ ಬೆಲೆ ಬೇರೆ, ಬಾಳಿಕೆ ಬೇರೆ. ಕೃತಕ ರೇಷ್ಮೆಯೆಂದು ಬರೆಯುವುದರಲ್ಲಿ ಅವಮಾನವೇನಿಲ್ಲ. ಬರೆಯದೆ ಮಾರಿದ ಸೀರೆಯ ದೂರು ಬಂದು ಬೀಳುವುದು ಮಗ್ಗದ ಮೇಲೆ ಕುಳಿತವನ ತಲೆಯ ಮೇಲೆ.

ಇನ್ನು ಕೊನೆಯ ಸಾಲು. ಮಾದರಿಯ ಅಡಿಬರಹ ಓದುಗಳಿಗೆ ನಾಲ್ಕು ಕೆಲಸ ಹೇಳುತ್ತದೆ. ಅವಳು ಒಂದನ್ನೂ ಮಾಡುವುದಿಲ್ಲ. "ಬೆಲೆಗಾಗಿ ಮೆಸೇಜ್ ಮಾಡಿ" ಎಂಬುದನ್ನಂತೂ ನಾವು ಒಪ್ಪಲಾರೆವು. ಬೆಲೆ ಮುಚ್ಚಿಟ್ಟರೆ ಕೊಳ್ಳುವ ಶಕ್ತಿಯಿದ್ದವಳೂ ಸಂಕೋಚದಿಂದ ಮುಂದೆ ಹೋಗುತ್ತಾಳೆ, ಚೌಕಾಸಿಗೆ ಬಂದವರು ಮಾತ್ರ ಉಳಿಯುತ್ತಾರೆ. ಅಡಿಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಅದೂ ವ್ಯರ್ಥ. ಒಂದೇ ಕೆಲಸ ಹೇಳಬೇಕು, ಅದಕ್ಕೆ ಬೇಕಾದ ವಿವರವೆಲ್ಲ ಅಲ್ಲೇ ಇರಬೇಕು. ಸೀರೆಗೊಂದು ಸಂಖ್ಯೆ ಕೊಟ್ಟರೆ "ಆ ನೀಲಿಯದ್ದು, ಮೊನ್ನೆ ತೋರಿಸಿದ್ದು" ಎಂಬ ಗೊಂದಲವೂ ತಪ್ಪುತ್ತದೆ.

ಈ ಮೂರನ್ನೂ ಕೂಡಿಸಿ ಮಾದರಿಯನ್ನು ತಿದ್ದಿದರೆ ಹೀಗಾಗಬಹುದು. ಸಂಖ್ಯೆ, ಬೆಲೆ, ದಿನಗಳು ಉದಾಹರಣೆಗಷ್ಟೇ:

"ಇಳಕಲ್ ಸೀರೆ, ಆದರೆ ಸೆರಗಿನ ಹಾಸೇ ಬೇರೆ. ಮೈ ಹತ್ತಿ, ಸೆರಗು ಶುದ್ಧ ರೇಷ್ಮೆ. ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ್ದು. ಸೆರಗನ್ನು ಮಗುಚಿದಾಗ ಆ ಜೋಡಣೆ ಕಾಣುತ್ತದೆ. ಅದಕ್ಕೇ ಈ ಕೆಂಪು ಇಷ್ಟು ತುಂಬಿದೆ. ಚಿಕ್ಕಿ ದಡಿ, ತೋಪು ತೆನಿ ಸೆರಗು. Ilkal handloom saree, Irkal saree, cotton body, silk pallu. ಬೆಲೆ 4,800 ರೂಪಾಯಿ, ಅಂಚೆ ಖರ್ಚು ಸೇರಿ. ಇದು ಒಂದೇ ಇದೆ. ಬೇಕಿದ್ದರೆ 27 ಎಂದು ಮೆಸೇಜ್ ಮಾಡಿ."

ಇದರಲ್ಲಿ ಹೆಮ್ಮೆ ಎಂಬ ಪದವಿಲ್ಲ. ರೋಮನ್ ಅಕ್ಷರದ ಸಾಲು ಓದಿಗೆ ಸ್ವಲ್ಪ ತೊಡಕೇ, ಒಪ್ಪೋಣ. ಆದರೆ ಅದನ್ನು ಕಥೆ ಮುಗಿದ ಮೇಲೆ, ಬೆಲೆಗೆ ಮೊದಲು ಇಟ್ಟಿರುವುದರಿಂದ ಎರಡಕ್ಕೂ ಅಡ್ಡ ಬರುವುದಿಲ್ಲ.

ಒಂದು ಮಾತು ಉಳಿಯಿತು. ಕೈಮಗ್ಗದ ಸೀರೆ ಒಂದೇ ದಿನದಲ್ಲಿ ಮಾರಿಹೋಗಬಹುದು, ರೀಲು ಮಾತ್ರ ತಿಂಗಳುಗಳ ನಂತರವೂ ಯಾರದೋ ಮುಂದೆ ತೇಲಿ ಬರುತ್ತದೆ. ಆಗ 27 ಎಂದು ಕೇಳಿದವರಿಗೆಲ್ಲ "ಇಲ್ಲ" ಎನ್ನುತ್ತಿದ್ದರೆ ಗಿರಾಕಿ ಮರಳಿ ಬರಲಾರಳು. ಅಡಿಬರಹವನ್ನು ಆಮೇಲೂ ತಿದ್ದಲು ಬರುತ್ತದೆ. ತೋಪು ತೆನಿಯನ್ನು ಹೇಗೂ ಬೇಡಿಕೆ ಬಂದ ಮೇಲೆ ನೇಯುವ ರೂಢಿಯಿದೆ. ಹಾಗಾಗಿ ಸೀರೆ ಹೋದ ದಿನವೇ ಕೊನೆಯ ಸಾಲನ್ನು ಅಳಿಸಿ "27 ಮಾರಿಹೋಗಿದೆ, ಇದೇ ದಡಿಯಲ್ಲಿ ನೇಯಿಸಿ ಕೊಡಲು 30 ದಿನ ಬೇಕು, ಬಣ್ಣ ತಿಳಿಸಿ" ಎಂದು ಬರೆದಿಟ್ಟರೆ ಹಳೆಯ ರೀಲು ಮಗ್ಗಕ್ಕೆ ಹೊಸ ಹಾಸು ತರುತ್ತದೆ.