ಮುಂದಿನ ಬಿಲ್ಲಲ್ಲಿ ನೋಡುವ

ಬಂದರಿನ ಸಗಟು ಅಂಗಡಿಯಾಗಲಿ, ಬೈಕಂಪಾಡಿಯ ಸಣ್ಣ ಕಾರ್ಖಾನೆಯಾಗಲಿ, ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿದೆ ಎಂದು ಗಿರಾಕಿ ಫೋನ್ ಮಾಡಿದಾಗ ಮಂಗಳೂರಿನಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಮುಂದಿನ ಬಿಲ್ಲಲ್ಲಿ ನೋಡುವ ಮಾರಾಯ್ರೆ." ಪಾರ್ಟಿ ಸ್ವಲ್ಪ ದೊಡ್ಡದಾದರೆ ಮಾತಿಗೆ ಕಚೇರಿಯ ಗತ್ತು ಬರುತ್ತದೆ: "ಕ್ರೆಡಿಟ್ ನೋಟ್ ಕಳಿಸ್ತೇವೆ." ಮೊದಲನೆಯದು ಸಡಿಲ ಉತ್ತರ. ಎರಡನೆಯದು ಕೇಳಲು ಬಿಗಿಯಾಗಿದ್ದರೂ ಬಹಳಷ್ಟು ಸಲ ತಪ್ಪು ಉತ್ತರ. ಹೆಚ್ಚು ಕೊಟ್ಟವನಿಗೆ ನಷ್ಟವಾಗುವುದೂ ಈ ಎರಡನೆಯದರಲ್ಲೇ ಹೆಚ್ಚು.

ಎರಡು ಸಲ ಹಣ ಹೋಗುವ ದಾರಿಗಳು ಹಲವು. ಕಲೆಕ್ಷನ್‌ಗೆ ಬಂದ ಸೇಲ್ಸ್‌ಮನ್ ಮುಂದಿನ ತಾರೀಕಿನ ಚೆಕ್ ಒಯ್ದಿರುತ್ತಾನೆ. ನಡುವೆ ಪೂರೈಕೆದಾರರ ಆಫೀಸಿನಿಂದ ತಗಾದೆ ಬಂದು ಧಣಿಗಳು ನೆಫ್ಟ್ ಮಾಡಿಬಿಡುತ್ತಾರೆ. ಚೆಕ್ಕನ್ನು ವಾಪಸು ಕೇಳುವುದು ಯಾರಿಗೂ ನೆನಪಾಗುವುದಿಲ್ಲ. ಮೊಬೈಲಿನಲ್ಲಿ 'ಪೆಂಡಿಂಗ್' ಎಂದು ಕಂಡ ಪಾವತಿಯನ್ನು ಮತ್ತೊಮ್ಮೆ ಒತ್ತುವುದೂ ಉಂಟು. ನಮ್ಮ ಜಿಲ್ಲೆಗೆ ವಿಶೇಷವಾಗಿ ಅಂಟಿದ ಕಾರಣವೊಂದಿದೆ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನೊಳಗೆ ಹೋಯಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಸೇರಿದವು. ಇಲ್ಲಿಯ ಬಹಳಷ್ಟು ವ್ಯಾಪಾರಿಗಳ ಖಾತೆಗಳು ಇದ್ದದ್ದೇ ಈ ಬ್ಯಾಂಕುಗಳಲ್ಲಿ. ಐಎಫ್‌ಎಸ್‌ಸಿ ಬದಲಾದಾಗ ಹಳೆಯ ಹೆಸರನ್ನು ಅಳಿಸದೆ ಅದೇ ಪಾರ್ಟಿಯನ್ನು ಹೊಸದಾಗಿ ಸೇರಿಸಿದವರ ನೆಟ್‌ಬ್ಯಾಂಕಿಂಗ್ ಪಟ್ಟಿಯಲ್ಲೂ ಲೆಕ್ಕದಲ್ಲೂ ಒಬ್ಬನೇ ಪೂರೈಕೆದಾರ ಇಬ್ಬರಾಗಿ ಕುಳಿತ.

ಇವೆಲ್ಲದರಲ್ಲಿ ಹಣ ಮಾತ್ರ ಎರಡು ಸಲ ಹೋಗಿರುತ್ತದೆ. ಇಂಥದ್ದನ್ನು ಹಿಡಿಯುವುದು ಕಷ್ಟವಲ್ಲ, ಪೂರೈಕೆದಾರನಿಗೆ ಕೊಡಬೇಕಾದ ಲೆಕ್ಕ ತಿರುಗಿ ಅವನೇ ನಮಗೆ ಕೊಡಬೇಕು ಎಂದು ತೋರಿಸುತ್ತದೆ. ಟ್ಯಾಲಿ ಬಳಸುವವರಿಗೆ ಇನ್ನೊಂದು ಸುಳಿವಿದೆ. ಪಾವತಿ ನಮೂದಿಸುವಾಗ `Agst Ref` ಒತ್ತಿದರೆ ಬಾಕಿ ಬಿಲ್ಲುಗಳ ಪಟ್ಟಿ ಬರುತ್ತದೆ. ಆಗಲೇ ತೀರಿದ ಬಿಲ್ಲು ಅದರಲ್ಲಿ ಇರುವುದಿಲ್ಲ. ಅಕೌಂಟೆಂಟ್ ಅಲ್ಲಿ ನಿಂತು ಯೋಚಿಸಬೇಕು. ಹೆಚ್ಚಿನವರು ನಿಲ್ಲದೆ `On Account` ಆರಿಸಿ ಮುಂದೆ ಹೋಗುತ್ತಾರೆ. ಒಂದು ಸಂಸ್ಥೆಯ ಲೆಕ್ಕದಲ್ಲಿ `On Account` ಎಷ್ಟು ಬೆಳೆದಿದೆ ಎಂದು ನೋಡಿದರೆ ಅಲ್ಲಿಯ ಶಿಸ್ತು ತಿಳಿಯುತ್ತದೆ.

ಕಣ್ಣಿಗೆ ಬೀಳದ ಬಗೆ ಬೇರೆ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕುಲಶೇಖರದಲ್ಲಿ ಬಾಳೆಕಾಯಿ ಚಿಪ್ಸ್, ಹಪ್ಪಳ ಮಾಡಿ ಪ್ಯಾಕೆಟಿನಲ್ಲಿ ಮಾರುವ ಒಂದು ಸಣ್ಣ ಉದ್ಯಮ. ಬೈಕಂಪಾಡಿಯಿಂದ ಪ್ಲಾಸ್ಟಿಕ್ ಪೌಚ್ ತರಿಸುತ್ತದೆ. ಪೌಚಿನ ಬೆಲೆ 40,000 ರೂಪಾಯಿ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 7,200, ಬಿಲ್ಲಿನ ಮೊತ್ತ 47,200. ಸಾಮಾನಿನ ಜೊತೆ ಬಂದ ಬಿಲ್ಲನ್ನು ಅಕೌಂಟೆಂಟ್ 'ಬಿಕೆಪಿ/0412' ಎಂದು ಬರೆದುಕೊಂಡ. ವಾರದ ನಂತರ ಅದೇ ಬಿಲ್ಲು ವಾಟ್ಸ್‌ಆ್ಯಪ್‌ನಲ್ಲಿ ಬಂತು. ಪಾರ್ಟ್‌ಟೈಮ್ ಹುಡುಗಿ ಅದನ್ನು ಬರೀ '412' ಎಂದು ನಮೂದಿಸಿದಳು. ಕಂಪ್ಯೂಟರಿಗೆ ಇವು ಎರಡು ಬೇರೆ ಬಿಲ್ಲುಗಳು. ಎರಡಕ್ಕೂ ಹಣ ಹೋಯಿತು. ಪೂರೈಕೆದಾರನ ಖಾತೆ ತೆರೆದು ನೋಡಿದರೆ ಬಾಕಿ ಸೊನ್ನೆ, ಎಲ್ಲ ಸರಿಯಾಗಿದೆ ಎನಿಸುತ್ತದೆ. ಖಾತೆ ಸೊನ್ನೆಯಾಗಿದ್ದರೆ ವ್ಯವಹಾರ ಚೊಕ್ಕ ಎಂದು ನಂಬುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಪೂರ್ತಿ ಕೈಕೊಡುತ್ತದೆ.

ಇದನ್ನು ಹಿಡಿಯುವ ಒಳ್ಳೆಯ ಸಾಧನ ಜಿಎಸ್‌ಟಿ ಪೋರ್ಟಲಿನಲ್ಲೇ ಇದೆ. ಪೂರೈಕೆದಾರ ತನ್ನ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳು ಖರೀದಿದಾರನ `GSTR-2B`ಯಲ್ಲಿ ಮುಂದಿನ ತಿಂಗಳ 14ಕ್ಕೆ ಬರುತ್ತವೆ. ಅಲ್ಲಿ 412 ಒಂದೇ ಸಲ ಇರುತ್ತದೆ, ನಮ್ಮ ಪುಸ್ತಕದಲ್ಲಿ ಎರಡು ಸಲ. ಪುಸ್ತಕದ ಇನ್‌ಪುಟ್ ತೆರಿಗೆ ಲೆಕ್ಕದಲ್ಲಿ ಯಾವ ತಿಂಗಳಿಗೂ ಹೊಂದದ 7,200 ರೂಪಾಯಿ ಉಳಿದುಬಿಡುತ್ತದೆ. ಆಡಿಟರ್ ಆಫೀಸಿನವರು ಇದನ್ನು ಕೇಳಿದಾಗ "ಪಾರ್ಟಿ ಇನ್ನೂ ಅಪ್‌ಲೋಡ್ ಮಾಡಿಲ್ಲ" ಎಂದು ತೇಲಿಸಿಬಿಡುವುದು ರೂಢಿ. ಆ 7,200ನ್ನು ಬೆನ್ನಟ್ಟಿದರೆ ಮಾತ್ರ 47,200 ಸಿಗುತ್ತದೆ.

ಈಗ ಫೋನ್ ಹೋಯಿತು, ಪೂರೈಕೆದಾರರ ಆಫೀಸು ತಪ್ಪನ್ನು ಒಪ್ಪಿತು, ಕ್ರೆಡಿಟ್ ನೋಟ್ ಕಳಿಸಿತು ಎಂದಿಟ್ಟುಕೊಳ್ಳಿ. ಅದು 40,000ಕ್ಕೆ 7,200 ಜಿಎಸ್‌ಟಿ ಸೇರಿಸಿದ, ಬಿಲ್ ನಂಬರ್ 412ನ್ನು ಹೆಸರಿಸಿದ ನೋಟು. ನೋಡಲು ಅಚ್ಚುಕಟ್ಟು. ಆದರೆ ಅದು ಪೂರೈಕೆದಾರನ ರಿಟರ್ನಿನಲ್ಲಿ ಸೇರಿದೊಡನೆ ಅವನು ಸರಕಾರಕ್ಕೆ ಕಟ್ಟಬೇಕಾದ ತೆರಿಗೆ 7,200 ಕಡಿಮೆಯಾಗುತ್ತದೆ. ಖರೀದಿದಾರ ಅಷ್ಟೇ ಮೊತ್ತದ ಇನ್‌ಪುಟ್ ತೆರಿಗೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಚಿಪ್ಸ್ ಉದ್ಯಮ ನಿಜವಾಗಿ ಪಡೆದಿದ್ದ ಇನ್‌ಪುಟ್ ತೆರಿಗೆ ಒಂದು ಬಿಲ್ಲಿನದು ಮಾತ್ರ, ಏಕೆಂದರೆ 2ಬಿಯಲ್ಲಿ ಇದ್ದದ್ದೇ ಒಂದು. ಅದೂ ಈಗ ಹೋಯಿತು. ಪೌಚು ಬಂದಿದೆ, ಅದರ ತೆರಿಗೆ ಕೊಟ್ಟಾಗಿದೆ, ಆದರೂ ಇನ್‌ಪುಟ್ ತೆರಿಗೆ ಸೊನ್ನೆ. 47,200 ವಾಪಸು ಬಂದಂತೆ ಕಂಡರೂ ಕೈಗೆ ದಕ್ಕಿದ್ದು 40,000. ಉಳಿದ 7,200 ಪೂರೈಕೆದಾರನ ಬಳಿ ಉಳಿಯಿತು, ಅವನಿಗೇ ಗೊತ್ತಿಲ್ಲದೆಯೂ ಇರಬಹುದು.

ಕಾನೂನೂ ಇಂಥ ನೋಟನ್ನು ಒಪ್ಪುವುದಿಲ್ಲ. ಸಿಜಿಎಸ್‌ಟಿ ಕಾಯಿದೆಯ 34ನೇ ಕಲಮು ತೆರಿಗೆ ತಗ್ಗಿಸುವ ಕ್ರೆಡಿಟ್ ನೋಟಿಗೆ ಅವಕಾಶ ಕೊಡುವುದು ಬಿಲ್ಲಿನಲ್ಲಿ ಬೆಲೆ ಅಥವಾ ತೆರಿಗೆ ಹೆಚ್ಚಾಗಿ ಬಿದ್ದಿದ್ದರೆ, ಸಾಮಾನು ವಾಪಸು ಬಂದಿದ್ದರೆ, ಇಲ್ಲವೆ ಸಾಮಾನಿನಲ್ಲೋ ಸೇವೆಯಲ್ಲೋ ಕೊರತೆಯಿದ್ದರೆ. ಇಲ್ಲಿ ಬಿಲ್ಲು ಸರಿಯಾಗಿದೆ, ಸಾಮಾನು ಸರಿಯಾಗಿದೆ, ತಪ್ಪಿದ್ದು ಪಾವತಿ. ಎರಡನೆಯ 47,200 ಯಾವ ಮಾರಾಟದ ಬೆಲೆಯೂ ಅಲ್ಲ. ಅದು ಇನ್ನೊಬ್ಬರ ಹಣ, ತಾತ್ಕಾಲಿಕವಾಗಿ ಪೂರೈಕೆದಾರನ ಖಾತೆಯಲ್ಲಿದೆ, ಅಷ್ಟೆ.

ಪೂರೈಕೆದಾರನೇ ಒಂದು ಲೋಡಿಗೆ 412, 419 ಎಂದು ಎರಡು ಬಿಲ್ಲು ಹರಿದಿದ್ದರೆ ಮಾತು ಬೇರೆ. ಆಗ ಎರಡೂ 2ಬಿಗೆ ಬಂದಿರುತ್ತವೆ, ಎರಡರ ಇನ್‌ಪುಟ್ ತೆರಿಗೆಯನ್ನೂ ಪಡೆದಿರಬಹುದು, 419ಕ್ಕೆ ತೆರಿಗೆ ಸಹಿತ ಕ್ರೆಡಿಟ್ ನೋಟು ಬರಲೇಬೇಕು. ಅದಕ್ಕೆ ಗಡುವೂ ಇದೆ: ಆ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ಹಾಗಾಗಿ ಫೋನ್ ಎತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ, ಎರಡಾದದ್ದು ಬಿಲ್ಲೋ ಹಣವೋ? ತಪ್ಪು ನೋಟು ಬಂದೇಬಿಟ್ಟರೆ 2024ರ ಅಕ್ಟೋಬರಿನಿಂದ ಪೋರ್ಟಲಿನಲ್ಲಿರುವ `IMS` ಪುಟದಲ್ಲಿ ಅದನ್ನು ತಿರಸ್ಕರಿಸಬಹುದು. ಏನೂ ಮಾಡದೆ ಬಿಟ್ಟರೆ ಒಪ್ಪಿದಂತೆಯೇ ಲೆಕ್ಕ.

ಇನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುವ ಪದ್ಧತಿ. ಅದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ವಾರವಾರ ಸಾಮಾನು ಬರುವ ಪಾರ್ಟಿಯೊಡನೆ ಅದು ಸುಲಭ. ಮುಂದಿನ ಪೌಚಿನ ಬಿಲ್ಲು 50,000ಕ್ಕೆ 9,000 ತೆರಿಗೆ ಸೇರಿ 59,000 ಆದರೆ ಬಿಲ್ಲು ಪೂರ್ತಿ ಬರಲಿ, 9,000ದ ಇನ್‌ಪುಟ್ ತೆರಿಗೆ ಪೂರ್ತಿ ಸಿಗಲಿ, ಕೈಯಿಂದ ಕೊಡುವ ಹಣ ಮಾತ್ರ 11,800 ಆಗಲಿ. ಕೆಲವರು ಬಿಲ್ಲನ್ನೇ 11,800ಕ್ಕೆ ಮಾಡಿಕೊಡುತ್ತಾರೆ. ಅದು ಮಾರಾಟವನ್ನೇ ಮುಚ್ಚಿಟ್ಟಂತೆ.

ಆದರೆ ಈ ಪದ್ಧತಿಯ ಬಲವೆಲ್ಲ ಬಾಯಿಮಾತಿನಲ್ಲಿದೆ, ಅದರ ದೌರ್ಬಲ್ಯವೂ ಅಲ್ಲೇ. ಕಳೆದ ವರ್ಷದ ದರವ್ಯತ್ಯಾಸವೊಂದು ಇಬ್ಬರ ನಡುವೆ ತಕರಾರಿನಲ್ಲಿದೆ ಎನ್ನಿ. ಪೂರೈಕೆದಾರ ಸದ್ದಿಲ್ಲದೆ ಹೆಚ್ಚುವರಿ ಹಣವನ್ನು ಅದಕ್ಕೆ ಹೊಂದಿಸಿಕೊಂಡರೆ ಜಗಳ ಅವನ ಪರವಾಗಿ ಮುಗಿದಂತಾಯಿತು. 1872ರ ಕರಾರು ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಯಾವ ಬಾಕಿಗೆ ಎಂದು ಹೇಳಿ ಹಣ ಕೊಟ್ಟರೆ ಅದಕ್ಕೇ ಹೊಂದಿಸಬೇಕು. ಹೇಳದೆ, ಸಂದರ್ಭದಿಂದಲೂ ತಿಳಿಯದಂತೆ ಕೊಟ್ಟರೆ ನ್ಯಾಯವಾಗಿ ಬರಬೇಕಾದ ಯಾವ ಬಾಕಿಗೂ, ವಾಯಿದೆ ಮೀರಿದ್ದಕ್ಕೂ ಹೊಂದಿಸಿಕೊಳ್ಳಲು ಸಾಲ ಕೊಟ್ಟವನು ಸ್ವತಂತ್ರ. ಹಣ ಕಳಿಸುವಾಗ ಬಿಲ್ ನಂಬರ್ ಬರೆಯದ ನಮ್ಮ ಸೋಮಾರಿತನಕ್ಕೆ ಇಷ್ಟು ಬೆಲೆಯಿದೆ. ಎರಡನೆಯ ತೊಂದರೆ, ಬಾಕಿ ಉಳಿದ ಹಣ ಖರೀದಿದಾರನನ್ನು ಕಟ್ಟಿಹಾಕುತ್ತದೆ. ದರ ಹೆಚ್ಚಾದರೂ, ಪೌಚಿನ ಸೀಲ್ ಬಿಡುತ್ತಿದ್ದರೂ, ಹಣ ತೀರುವ ತನಕ ಅಲ್ಲೇ ಕೊಳ್ಳಬೇಕು.

ಅದಕ್ಕೇ ಮೊದಲ ಬೇಡಿಕೆ ಬ್ಯಾಂಕಿನ ಮೂಲಕ ಮರುಪಾವತಿಯೇ ಆಗಿರಬೇಕು ಎನ್ನುತ್ತೇನೆ. ನಮ್ಮ ಬ್ಯಾಂಕಿಗೆ ಹೋಗಿ ಹಣ ಹಿಂದೆ ತರಿಸಿ ಎಂದರೆ ಆಗುವುದಿಲ್ಲ. ಸರಿಯಾದ ಖಾತೆಗೆ ಜಮೆಯಾದ ನೆಫ್ಟ್ ಹಣವನ್ನು ಖಾತೆದಾರನ ಒಪ್ಪಿಗೆಯಿಲ್ಲದೆ ಬ್ಯಾಂಕು ಮರಳಿಸದು. ಪೂರೈಕೆದಾರನಿಗೇ ಒಂದು ಪುಟದ ಪತ್ರ ಬರೆಯಬೇಕು: ಬಿಲ್ ನಂಬರ್, ಎರಡೂ ಪಾವತಿಯ ತಾರೀಕು ಮತ್ತು ಯುಟಿಆರ್ ನಂಬರ್, ಎರಡನೆಯದು ತಪ್ಪಿನಿಂದ ಹೋದದ್ದು, ಬೇರೆ ಯಾವ ಬಾಕಿಗೂ ಹೊಂದಿಸಬಾರದು, ಇಷ್ಟು ದಿನದೊಳಗೆ ಇದೇ ಖಾತೆಗೆ ಕಳಿಸಿ. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಎರಡು ಸಾಲು, ಮತ್ತು ಅವರ ಪುಸ್ತಕದಲ್ಲಿ ನಮ್ಮ ಖಾತೆಯ ಪ್ರತಿ ಕೊಡಿ ಎಂಬ ಕೋರಿಕೆ. ಆ ಪ್ರತಿಯೇ ಮುಖ್ಯ. ಅದರಲ್ಲಿ ಎರಡು ಜಮೆ ಕಂಡರೆ ವಾದಕ್ಕೆ ಎಡೆಯಿಲ್ಲ. ಕಾಣದಿದ್ದರೆ ಹಣ ಬೇರೆ ಗಿರಾಕಿಯ ಹೆಸರಿಗೋ ಸಸ್ಪೆನ್ಸ್ ಖಾತೆಗೋ ಬಿದ್ದಿರುತ್ತದೆ. ಯುಟಿಆರ್ ಹಿಡಿದು ಹುಡುಕಿಸಬೇಕು. ಇತ್ತ ನಮ್ಮ ಪುಸ್ತಕದಲ್ಲಿ ಎರಡನೆಯ ಖರೀದಿ ನಮೂದನ್ನು ತೆಗೆಯಬೇಕು, ಇಲ್ಲದಿದ್ದರೆ ಬಂದ ಹಣ ನಾವೇ ಕೊಡಬೇಕಾದ ಬಾಕಿಯಂತೆ ಕಾಣಿಸಿ, ಒಳ್ಳೆಯ ಮನಸ್ಸಿನ ಯಾರೋ ಅದನ್ನು ಮೂರನೆಯ ಸಲ ಕೊಟ್ಟಾರು.

ಪೂರೈಕೆದಾರ ಹಿಂದೇಟು ಹಾಕುವುದರಲ್ಲೂ ಒಂದಿಷ್ಟು ನ್ಯಾಯವಿದೆ. ಹೆಚ್ಚು ಕಳಿಸಿದ್ದೇವೆ, ಈ ಬೇರೆ ಖಾತೆಗೆ ವಾಪಸು ಮಾಡಿ ಎಂದು ಮೋಸ ಮಾಡುವವರು ಇದ್ದಾರೆ. ಹಾಗಾಗಿ ಹಣ ಯಾವ ಖಾತೆಯಿಂದ ಬಂತೋ ಆ ಖಾತೆಗೆ ಮಾತ್ರ ಮರಳಿಸುತ್ತೇನೆ, ನಗದು ಕೊಡುವುದಿಲ್ಲ ಎಂದು ಅವನು ಹಟ ಹಿಡಿದರೆ ಅದು ಸರಿ. ಹಣ ಖರ್ಚಾಗಿದೆ, ಸೀಸನ್ ಮುಗಿಯಲಿ ಎನ್ನುವುದು ಸರಿಯಲ್ಲ. ತಪ್ಪಿನಿಂದ ಬಂದ ಹಣವನ್ನು ಪಡೆದವನು ಮರಳಿಸಬೇಕೆಂದು ಕರಾರು ಕಾಯಿದೆಯ 72ನೇ ಕಲಮು ಹೇಳುತ್ತದೆ. ತಪ್ಪು ಪಾವತಿಸಿದವನದೇ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ. ದಾವೆಗೆ ಮೂರು ವರ್ಷ ಅವಧಿ. ಅದು ತಪ್ಪು ತಿಳಿದ ದಿನದಿಂದ, ಅಥವಾ ಸಾಧಾರಣ ಎಚ್ಚರವಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಓಡುತ್ತದೆ. ತಿಂಗಳು ತಿಂಗಳು 2ಬಿ ಬರುತ್ತಿದ್ದರೂ ನೋಡದೆ ಕುಳಿತವರಿಗೆ ಈ ಎರಡನೆಯ ಮಾತು ಕಠಿಣವಾಗಬಹುದು.

47,200ಕ್ಕಾಗಿ ಯಾರೂ ಕೋರ್ಟು ಹತ್ತುವುದಿಲ್ಲ, ನಿಜ. ಇದು ಪತ್ರದಲ್ಲೇ ಮುಗಿಯುವ ವ್ಯವಹಾರ, ಪತ್ರ ಬರೆದರೆ. ಆದ್ದರಿಂದ ಮಾರ್ಚ್ ಲೆಕ್ಕ ಮುಗಿಸುವ ಮುಂಚೆ ಪ್ರತಿ ದೊಡ್ಡ ಪೂರೈಕೆದಾರನಿಂದ ನಿಮ್ಮ ಖಾತೆಯ ಪ್ರತಿಯನ್ನು ತರಿಸಿಕೊಳ್ಳಿ, ಬಾಕಿ ಸೊನ್ನೆ ಇರುವವರಿಂದ ಮೊದಲು.