ಸಿಂಕ್ ಗುಂಡಿಯೂ ಅಂತರಪಟದ ಬಿಳಿಯೂ

ಲೈಟ್‌ರೂಮ್ ಕ್ಲಾಸಿಕ್‌ನ ತಿದ್ದುವ ಪರದೆಯಲ್ಲಿ ಬಲಗಡೆ ಕೆಳಗೆ Sync ಎಂಬ ಗುಂಡಿಯಿದೆ. ಒಂದು ರಾ ಚಿತ್ರವನ್ನು ತಿದ್ದಿ, ಜೊತೆಗೆ ಇನ್ನು ಮುನ್ನೂರನ್ನು ಆಯ್ದು ಅದನ್ನು ಒತ್ತಿದರೆ, ಮೊದಲನೆಯದಕ್ಕೆ ಆದದ್ದು ಮುನ್ನೂರಕ್ಕೂ ಆಗುತ್ತದೆ. ಮದುವೆ ಫೋಟೊಗ್ರಾಫರಿಗೆ ಇದಿಲ್ಲದೆ ಕಸುಬು ನಡೆಯುವುದಿಲ್ಲ. ಆದರೆ ಛತ್ರದಲ್ಲಿ ಚೆನ್ನಾಗಿಯೇ ತೆಗೆದ ಚಿತ್ರಗಳು ಆಲ್ಬಮ್ಮಿಗೆ ಬರುವಾಗ ಒಂದು ಬೆಳ್ಳಗೆ, ಪಕ್ಕದ್ದು ಮಂಕಾಗಿ ಕೂತಿರುತ್ತವಲ್ಲ, ಅದರಲ್ಲಿ ಈ ಗುಂಡಿಯ ಪಾಲು ದೊಡ್ಡದು. ಬಣ್ಣವನ್ನು ಅದರ ಕೈಗೆ ಕೊಡುವುದು ಸರಿ. ಅದೇ ಉಸಿರಿನಲ್ಲಿ ಎಕ್ಸ್‌ಪೋಶರನ್ನೂ ಕೊಟ್ಟುಬಿಡುವುದೇ ಈ ರೂಢಿಯ ದೋಷ ಎಂದು ನನ್ನ ವಾದ.

ಧಾರೆ ಮುಹೂರ್ತದ ಕೆಲವು ಕ್ಷಣಗಳನ್ನೇ ತೆಗೆದುಕೊಳ್ಳೋಣ. ಫೋಟೊಗ್ರಾಫರು ಅಪರ್ಚರ್ ಪ್ರಯಾರಿಟಿಯಲ್ಲಿದ್ದಾರೆ: ಅಪರ್ಚರ್ f/2.8, ಐಎಸ್‌ಒ 1600, ಶಟರ್ ವೇಗ ಕ್ಯಾಮೆರಾದ ಪಾಲಿಗೆ. ಮಂಟಪದ ಮೇಲೆ ವಿಡಿಯೊದವರ ಎಲ್‌ಇಡಿ ಒಂದೇ ಸಮ ಬೀಳುತ್ತಿದೆ. ಹುಡುಗಿ ತಲೆ ತಗ್ಗಿಸಿ ನಿಂತ ಚಿತ್ರಕ್ಕೆ ಕ್ಯಾಮೆರಾ 1/200 ಸೆಕೆಂಡ್ ಕೊಟ್ಟಿತು. ಮುಂದಿನ ಚಿತ್ರದಲ್ಲಿ ಅಂತರಪಟ ಚೌಕಟ್ಟಿನ ಮುಕ್ಕಾಲು ಭಾಗ ತುಂಬಿಕೊಂಡಿದೆ. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ನಡುಮಧ್ಯದ ಬೂದು ಎಂದೇ ನಂಬುವ ಜಾತಿಯದು. ಬಿಳಿಬಟ್ಟೆ ಕಂಡರೆ ಬೆಳಕೇ ಹೆಚ್ಚಾಯಿತೆಂದು ತಿಳಿದು 1/400 ಕೊಟ್ಟಿತು. ಬಟ್ಟೆ ಸರಿದು, ಜೀರಿಗೆ ಬೆಲ್ಲ ಹಾರಿದಾಗ ಹಿಂದಿನ ಕಡುಗೆಂಪು ಪರದೆ ಪೂರ್ತಿ ಕಾಣಿಸಿತು, ಈಗ 1/160. ಮೂರು ಚಿತ್ರಗಳ ನಡುವೆ ಮುಖದ ಮೇಲಿನ ಬೆಳಕು ಎಳ್ಳಷ್ಟೂ ಬದಲಾಗಿಲ್ಲ. ಆದರೂ ಮೊದಲನೆಯದಕ್ಕೆ ಹೋಲಿಸಿದರೆ ಎರಡನೆಯದರಲ್ಲಿ ಹುಡುಗಿಯ ಮುಖ ಒಂದು ಸ್ಟಾಪ್ ಕಪ್ಪು, ಮೂರನೆಯದರಲ್ಲಿ ಮೂರನೇ ಒಂದು ಸ್ಟಾಪ್ ಬಿಳುಪು.

ಮನೆಗೆ ಬಂದು ಮೊದಲ ಚಿತ್ರವನ್ನು ತಿದ್ದುತ್ತೇವೆ. ವೈಟ್ ಬ್ಯಾಲೆನ್ಸ್ ಸರಿಮಾಡಿ, ಎಕ್ಸ್‌ಪೋಶರ್ +0.30 ಏರಿಸಿ, ಎಲ್ಲ ಚೌಕಗಳಿಗೂ ಗುರುತು ಹಾಕಿ ಸಿಂಕ್ ಒತ್ತುತ್ತೇವೆ. ಮೂರೂ +0.30 ಆದವು. ಮುಖಗಳ ನಡುವೆ ಇದ್ದ ವ್ಯತ್ಯಾಸ ಹಾಗೇ ಉಳಿಯಿತು. ಇದ್ದ ಏರುಪೇರನ್ನೇ ಸಿಂಕ್ ಅನಾಮತ್ತಾಗಿ ಎತ್ತಿ ತುಸು ಮೇಲಕ್ಕೆ ಇಟ್ಟಿತು, ಅಷ್ಟೆ. ಬೇಕಾಗಿದ್ದದ್ದು ಮೊದಲನೆಯದಕ್ಕೆ +0.30, ಎರಡನೆಯದಕ್ಕೆ +1.30, ಮೂರನೆಯದಕ್ಕೆ ಹೆಚ್ಚುಕಡಿಮೆ ಸೊನ್ನೆ. ಅಂದರೆ ಮುಖ ಒಂದೇ ಸಮ ಕಾಣಬೇಕಾದರೆ ಸ್ಲೈಡರುಗಳು ಬೇರೆಬೇರೆ ಇರಬೇಕು. ಸ್ಲೈಡರಿನ ಅಂಕಿ ಒಂದೇ ಆದರೆ ಚಿತ್ರವೂ ಒಂದೇ ಎಂಬ ನಂಬಿಕೆಯ ಮೇಲೆಯೇ ಎಷ್ಟೋ ಸ್ಟುಡಿಯೊಗಳಲ್ಲಿ ರಾತ್ರಿಯಿಡೀ ಕೆಲಸ ನಡೆಯುತ್ತದೆ.

ಈ ಲೆಕ್ಕವನ್ನು ಲೈಟ್‌ರೂಮ್ ತಾನೇ ಮಾಡಬಲ್ಲದು. ಸೆಟ್ಟಿಂಗ್ಸ್ ಮೆನುವಿನಲ್ಲಿ Match Total Exposures ಎಂಬುದಿದೆ. ಆಯ್ದ ಚಿತ್ರಗಳ ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಓದಿ, ಮಾದರಿ ಚಿತ್ರದ ಎಕ್ಸ್‌ಪೋಶರಿಗೆ ಸರಿದೂಗುವಂತೆ ಉಳಿದವುಗಳ ಸ್ಲೈಡರನ್ನು ಅದು ಬೇರೆಬೇರೆಯಾಗಿ ಸರಿಸುತ್ತದೆ. ಮೇಲಿನ ಮೂರು ಚಿತ್ರಗಳಿಗೆ ಅದು ಕೊಡುವುದು ನಾವು ಕೈಯಾರೆ ಹಾಕಿದ ಅಂಕಿಗಳನ್ನೇ. ಇಷ್ಟು ಒಳ್ಳೆಯ ಸೌಲಭ್ಯವನ್ನು ಮೆನುವಿನ ಮೂಲೆಗೆ ತಳ್ಳಿ, ಒರಟು ಸಿಂಕನ್ನು ಕಣ್ಣೆದುರಿನ ಗುಂಡಿ ಮಾಡಿಟ್ಟದ್ದು ಈ ತಂತ್ರಾಂಶದ ವಿಚಿತ್ರಗಳಲ್ಲಿ ಒಂದು.

ಆದರೆ ಇದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕ್ಯಾಮೆರಾ ಏನು ಮಾಡಿತು ಎಂಬುದು ಇದಕ್ಕೆ ಗೊತ್ತು, ಮಂಟಪದಲ್ಲಿ ಏನಾಯಿತು ಎಂಬುದು ಗೊತ್ತಿಲ್ಲ. ಅದೇ ಮುಹೂರ್ತದಲ್ಲಿ ವಿಡಿಯೊದವರು ಇನ್ನೊಂದು ದೀಪ ಹಚ್ಚಿದರು ಎಂದುಕೊಳ್ಳಿ. ಬೆಳಕು ಇಮ್ಮಡಿಯಾಯಿತು, ಮೀಟರ್ ನ್ಯಾಯವಾಗಿಯೇ 1/400ಕ್ಕೆ ಹೋಯಿತು, ಮುಖ ಮೊದಲಿನಷ್ಟೇ ಸರಿಯಾಗಿ ಬಂತು. ಇಲ್ಲಿಯೂ ಲೈಟ್‌ರೂಮ್ 1/400 ನೋಡಿ ಒಂದು ಸ್ಟಾಪ್ ಏರಿಸುತ್ತದೆ, ಮುಖ ಸುಣ್ಣ ಬಳಿದಂತಾಗುತ್ತದೆ. ಅಂತರಪಟ ತಂದ 1/400 ಬೇರೆ, ದೀಪ ತಂದ 1/400 ಬೇರೆ. ಕಡತದಲ್ಲಿ ಎರಡೂ ಒಂದೇ. ಗಟ್ಟಿಮೇಳದ ಹೊತ್ತಿಗೆ ಫ್ಲ್ಯಾಶ್ ಬಳಸಿದ್ದರೆ ತೊಂದರೆ ತಿರುಗಾಮುರುಗಾ ಆಗುತ್ತದೆ. ಮ್ಯಾನುವಲ್‌ನಲ್ಲಿ ಶಟರ್, ಅಪರ್ಚರ್, ಐಎಸ್‌ಒ ಮೂರೂ ಕದಲುವುದಿಲ್ಲ. ಆದರೆ ಟಿಟಿಎಲ್ ಫ್ಲ್ಯಾಶ್ ಎದುರಿನ ಜರಿ ಸೀರೆಯ ಹೊಳಪು ಕಂಡು ಒಮ್ಮೆ ಕಡಿಮೆ, ಹುಡುಗನ ಕಡುಬಣ್ಣದ ಕೋಟು ಕಂಡು ಒಮ್ಮೆ ಹೆಚ್ಚು ಬೆಳಕು ಉಗುಳುತ್ತದೆ. ಅದು ಎಷ್ಟು ಉಗುಳಿತು ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಲೈಟ್‌ರೂಮ್ ಕೈ ಕಟ್ಟಿ ಕೂರುತ್ತದೆ, ಮುಖಗಳು ಮಾತ್ರ ಕುಣಿಯುತ್ತಿರುತ್ತವೆ.

ಪತ್ತೆಗೆ ಒಂದು ಸುಲಭ ಉಪಾಯವಿದೆ. ಫ್ಲ್ಯಾಶ್ ಇಲ್ಲದ ಗುಂಪಾದರೆ, ಮ್ಯಾಚ್ ಮಾಡಿದ ಮೇಲೆ ಅಲುಗಾಡದ ಒಂದು ವಸ್ತುವನ್ನು ನೋಡಬೇಕು, ಮಂಟಪದ ಕಂಬವೋ ಬಾಳೆಕಂದೋ. ಎಲ್ಲ ಚಿತ್ರಗಳಲ್ಲೂ ಅದು ಒಂದೇ ಸಮ ಕಂಡರೆ ಬೆಳಕು ಬದಲಾಗಿರಲಿಲ್ಲ, ಲೆಕ್ಕ ಸರಿ. ಒಂದರಲ್ಲಿ ಕಂಬ ಇದ್ದಕ್ಕಿದ್ದಂತೆ ಬೆಳ್ಳಗಾದರೆ ಅಲ್ಲಿಂದ ಮುಂದೆ ದೀಪ ಬೇರೆ, ಗುಂಪೂ ಬೇರೆ. ಗುಂಪು ಮಾಡುವಾಗ ನೋಡಬೇಕಾದದ್ದು ಶಾಸ್ತ್ರವನ್ನಲ್ಲ, ಬೆಳಕನ್ನು. ಒಂದೇ ಧಾರೆಯಲ್ಲಿ ಮೂರು ಬೆಳಕುಗಳಿರಬಹುದು. ಹೊರಗಿನ ಅಂಗಳದಲ್ಲಿ ತೆಗೆದ ನೆಂಟರ ಗುಂಪುಚಿತ್ರಗಳಿಗೆಲ್ಲ ಒಂದೇ ಬೆಳಕು ಸಾಕಾಗಬಹುದು.

ಇನ್ನು ಸಿಂಕ್ ಕಿಟಕಿಯ ಗುರುತುಗಳ ವಿಷಯ. ವೈಟ್ ಬ್ಯಾಲೆನ್ಸ್, ಪ್ರೊಫೈಲ್, ಲೆನ್ಸ್ ತಿದ್ದುಪಡಿ ಇವು ಬೆಳಕಿಗೆ ಮತ್ತು ಸಾಧನಕ್ಕೆ ಸೇರಿದವು, ಗುಂಪಿಗೆಲ್ಲ ಧಾರಾಳವಾಗಿ ಹಂಚಬಹುದು. ಕ್ರಾಪ್ ಆ ಚಿತ್ರದ ಸ್ವಂತ ಆಸ್ತಿ. ಹೈಲೈಟ್ಸ್, ಶ್ಯಾಡೋಸ್ ನಡುವಿನವು: ಇವು ಆಯಾ ಚಿತ್ರದ ಒಳಗನ್ನು ನೋಡಿ ಕೆಲಸ ಮಾಡುವುದರಿಂದ, ಒಂದೇ ಮೈನಸ್ 40 ಬಿಳಿ ಪಂಚೆಯ ಚಿತ್ರದಲ್ಲಿ ಒಂದು ಥರ, ಕತ್ತಲೆ ಮೂಲೆಯ ಚಿತ್ರದಲ್ಲಿ ಇನ್ನೊಂದು ಥರ. ಒಂದು ಸಣ್ಣ ಸೂಕ್ಷ್ಮವೂ ಇದೆ. ಮಾದರಿ ಚಿತ್ರದ ವೈಟ್ ಬ್ಯಾಲೆನ್ಸ್ As Shot ಎಂದಿದ್ದಾಗ ಸಿಂಕ್ ಮಾಡಿದರೆ, ಪ್ರತಿ ಚಿತ್ರವೂ ಕ್ಯಾಮೆರಾ ತನಗೆ ಕೊಟ್ಟಿದ್ದ ಬಣ್ಣಕ್ಕೇ ಮರಳುತ್ತದೆ. ಬಣ್ಣ ಒಂದಾಗಿಸಲು ಹೋಗಿ ಹಳೆಯ ಗಲಿಬಿಲಿಯನ್ನೇ ತಂದುಕೊಂಡ ಹಾಗೆ. ಮಾದರಿಯಲ್ಲಿ ಕೆಲ್ವಿನ್ ಅಂಕಿ ನಿಗದಿಯಾಗಿರಬೇಕು.

ಕೆಲಸದ ಸರದಿಯಲ್ಲೇ ಇನ್ನೊಂದು ಅಪಾಯ ಅಡಗಿದೆ. ಸಿಂಕ್ ಕೂಡುವುದಿಲ್ಲ, ಅಳಿಸಿ ಬರೆಯುತ್ತದೆ. ಎಂಬತ್ತು ಚಿತ್ರಗಳ ಎಕ್ಸ್‌ಪೋಶರನ್ನು ಒಂದೊಂದಾಗಿ ಹದ ಮಾಡಿದ ಮೇಲೆ, ಅಯ್ಯೋ ಎಲ್ಲವೂ ತುಸು ಮಂಕಾಯಿತು ಎನ್ನಿಸಿ ಒಂದನ್ನು ಏರಿಸಿ ಸಿಂಕ್ ಮಾಡಿದರೆ, ಎಂಬತ್ತರ ಶ್ರಮವೂ ಒಂದೇ ಅಂಕಿಯಾಗಿ ಹೋಗುತ್ತದೆ. ಪಕ್ಕದ Auto Sync ಇನ್ನೂ ಮೋಸದ್ದು. ಅದು ಆನ್ ಇರುವುದನ್ನು ಮರೆತು ಒಂದೇ ಚಿತ್ರ ತಿದ್ದುತ್ತಿದ್ದೇನೆಂದು ಸ್ಲೈಡರ್ ಎಳೆದರೆ ಆಯ್ದದ್ದೆಲ್ಲ ಜೊತೆಗೇ ಬದಲಾಗುತ್ತದೆ. ಕೆಳಗಿನ ಫಿಲ್ಮ್‌ಸ್ಟ್ರಿಪ್ಪಿನಲ್ಲಿ ಪುಟ್ಟ ಚಿತ್ರಗಳು ಸಾಲಾಗಿ ಬಣ್ಣ ಬದಲಿಸುವುದು ಕಣ್ಣಿಗೆ ಬಿದ್ದರೆ ಸರಿ, ಇಲ್ಲವಾದರೆ ಗೊತ್ತಾಗುವುದು ಆಲ್ಬಮ್ ಡಿಸೈನ್ ಮಾಡುವಾಗ.

ಇದ್ದದ್ದರ ಮೇಲೆ ಕೂಡಿಸುವ ದಾರಿಯೂ ಇದೆ, ಅದನ್ನಿಟ್ಟಿರುವುದು ಮಾತ್ರ ಬೇರೆ ಮನೆಯಲ್ಲಿ. ಲೈಬ್ರರಿಯ ಗ್ರಿಡ್ ನೋಟದಲ್ಲಿ ಚಿತ್ರಗಳನ್ನು ಆಯ್ದು Quick Develop ಪಟ್ಟಿಯಲ್ಲಿ ಎಕ್ಸ್‌ಪೋಶರಿನ ಒಂಟಿ ಬಾಣ ಒತ್ತಿದರೆ, ಪ್ರತಿ ಚಿತ್ರವೂ ತಾನಿದ್ದ ಕಡೆಯಿಂದ ಮೂರನೇ ಒಂದು ಸ್ಟಾಪ್ ಏರುತ್ತದೆ. ಜೋಡಿ ಬಾಣಕ್ಕೆ ಒಂದು ಸ್ಟಾಪ್. +1.30 ಇದ್ದದ್ದು +1.63 ಆಗುತ್ತದೆ, ಸೊನ್ನೆಯಲ್ಲಿದ್ದದ್ದು +0.33. ನಡುವಿನ ಅಂತರ ಹಾಳಾಗುವುದಿಲ್ಲ. ತಿದ್ದುವ ಪರದೆಯಲ್ಲೇ ಇದಕ್ಕೊಂದು ಗುಂಡಿ ಇದ್ದಿದ್ದರೆ ಎಷ್ಟೋ ಜನರ ನಿದ್ದೆ ಉಳಿಯುತ್ತಿತ್ತು.

ಕೊನೆಯ ಹದವನ್ನು ಕಣ್ಣೇ ನೋಡಬೇಕು, ಆದರೆ ಕಣ್ಣು ಒಳ್ಳೆಯ ಸಾಕ್ಷಿಯಲ್ಲ. ಒಂದಾದ ಮೇಲೊಂದು ಚಿತ್ರ ದಾಟಿಸುತ್ತ ಹೋದರೆ ಅದು ಹಿಂದಿನದಕ್ಕೆ ಒಗ್ಗಿ, ನೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರಿಂದ ಎಷ್ಟು ದೂರ ಬಂದೆವೆಂಬುದೇ ಮರೆತಿರುತ್ತದೆ. ಜೊತೆಗೆ ಕಡುಗೆಂಪು ಪರದೆಯ ಮುಂದೆ ಅದೇ ಮುಖ ಹೆಚ್ಚು ಬೆಳ್ಳಗೆ, ಬಿಳಿಬಟ್ಟೆಯ ಪಕ್ಕ ಹೆಚ್ಚು ಕಪ್ಪಗೆ ಕಾಣುತ್ತದೆ. ಆದ್ದರಿಂದ ಪ್ರತಿ ಬೆಳಕಿಗೂ ಒಂದು ಲಂಗರು ಚಿತ್ರ ಇಟ್ಟುಕೊಂಡು, ಉಳಿದವುಗಳನ್ನು ಅದರ ಪಕ್ಕದಲ್ಲೇ ಇಟ್ಟು ನೋಡುವುದು ಒಳ್ಳೆಯದು. ಅನುಮಾನವಾದರೆ ಹುಡುಗಿಯ ಅದೇ ಕೆನ್ನೆಯ ಮೇಲೆ ಕರ್ಸರ್ ಇಟ್ಟು ಹಿಸ್ಟೊಗ್ರಾಮಿನ ಕೆಳಗೆ ಬರುವ ಕೆಂಪು, ಹಸಿರು, ನೀಲಿಯ ಶೇಕಡಾ ಅಂಕಿಗಳನ್ನು ಎರಡೂ ಚಿತ್ರದಲ್ಲಿ ಓದಬಹುದು. ಹೀಗೆಂದು ಮುನ್ನೂರನ್ನೂ ಇಷ್ಟು ಅರೆಯಬೇಕಿಲ್ಲ. 12×36 ಇಂಚಿನ ಹಾಳೆಯಲ್ಲಿ ಅಕ್ಕಪಕ್ಕ ಕೂರುವ ಚಿತ್ರಗಳಲ್ಲಿ ಮೂರನೇ ಒಂದು ಸ್ಟಾಪಿನ ವ್ಯತ್ಯಾಸವೂ ಎದ್ದು ಕಾಣುತ್ತದೆ. ಹತ್ತು ಹಾಳೆ ದೂರದ ಎರಡು ಚಿತ್ರಗಳ ನಡುವೆ ಅರ್ಧ ಸ್ಟಾಪ್ ಇದ್ದರೂ ಯಾರೂ ಕೇಳುವುದಿಲ್ಲ.

ಎಲ್ಲವನ್ನೂ ಸಮ ಮಾಡುವ ಹುಚ್ಚಿಗೂ ಮಿತಿ ಬೇಕು. ಆರತಿಯ ತಟ್ಟೆಯಿಂದಷ್ಟೇ ಬೆಳಕು ಬರುತ್ತಿರುವ ಚಿತ್ರವನ್ನು ಧಾರೆಯ ಚಿತ್ರಕ್ಕೆ ಸರಿದೂಗಿಸಿದರೆ ದೀಪ ಉರಿಯುತ್ತಿದ್ದದ್ದು ಯಾಕೆಂದೇ ತಿಳಿಯದು. ಅದು ಮುಕ್ಕಾಲು ಸ್ಟಾಪ್ ಕೆಳಗೇ ಇರಲಿ.

ಇದಕ್ಕಿಂತ ದೊಡ್ಡ ಒತ್ತಡ ಗಿರಾಕಿಯಿಂದ ಬರುತ್ತದೆ: “ಹುಡುಗಿ ಇನ್ನೂ ಸ್ವಲ್ಪ ಬೆಳ್ಳಗೆ ಕಾಣ್ಲಿ ಸರ್.” ಈ ಮಾತಿಗೆ ಸ್ಟುಡಿಯೊಗಳು ಕೊಡುವ ಉತ್ತರ ಇಡೀ ಗುಂಪಿಗೆ ಎಕ್ಸ್‌ಪೋಶರ್ ಏರಿಸುವುದು. ಮೈಬಣ್ಣದ ಬಗ್ಗೆ ನಮ್ಮ ಜನರ ಆಸೆಯ ಮಾತು ಹಾಗಿರಲಿ, ಕುಶಲತೆಯ ಲೆಕ್ಕದಲ್ಲೂ ಇದು ನಷ್ಟದ ವ್ಯಾಪಾರ. ಮುಖಕ್ಕೆಂದು +0.70 ಏರಿಸಿದರೆ ಹುಡುಗನ ಪಂಚೆಯ ಮಡಿಕೆಗಳೂ ರೇಷ್ಮೆಯ ಜರಿಯೂ ಅದೇ +0.70 ಏರುತ್ತವೆ. J ಕೀಲಿ ಒತ್ತಿ ನೋಡಿದರೆ ಕೆಂಪು ತೇಪೆಗಳು ಮೊದಲು ಮೂಡುವುದು ಅಲ್ಲೇ. ರಾ ಕಡತದಲ್ಲಿ ಆ ವಿವರ ಇದ್ದರೆ ಸ್ಲೈಡರ್ ಇಳಿಸಿದಾಗ ಮರಳಿ ಬರುತ್ತದೆ. ತೆಗೆಯುವಾಗಲೇ ಸೆನ್ಸರ್ ತುಂಬಿ ಹೋಗಿದ್ದರೆ ಎಷ್ಟು ಇಳಿಸಿದರೂ ಬಿಳಿ ಬೂದಾಗುತ್ತದೆಯೇ ಹೊರತು ಮಡಿಕೆ ಬರುವುದಿಲ್ಲ. ಮುಖವೊಂದನ್ನೇ ಎತ್ತಬೇಕಾದರೆ ಮುಖದ ಮೇಲಷ್ಟೇ ಮಾಸ್ಕ್ ಎಳೆದು ಕಾಲು ಸ್ಟಾಪ್ ಏರಿಸಬಹುದು. ಅದನ್ನು ಕುಂಚದಿಂದ ಎಳೆದಿದ್ದರೆ ಸಿಂಕ್ ಕಿಟಕಿಯಲ್ಲಿ ಮಾಸ್ಕಿಂಗ್ ಗುರುತು ತೆಗೆದಿರಬೇಕು. ಇಲ್ಲವಾದರೆ ಮುಂದಿನ ಚಿತ್ರದಲ್ಲಿ ಆ ಬೆಳಕು ಪುರೋಹಿತರ ಭುಜದ ಮೇಲೆ ಕೂತಿರುತ್ತದೆ.