ಬೇಲೂರಿಗೆ ಸರಾಸರಿ ಅಂಕ ಕೊಡುವ ಬಗೆ

ಪ್ರವಾಸೋದ್ಯಮ ಓದುವ ಪದವಿ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಮತ್ತೆ ಮತ್ತೆ ಆರಿಸಿಕೊಳ್ಳುವ ಒಂದು ವಿಷಯವಿದೆ: ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಪ್ರವಾಸಿಗರ ತೃಪ್ತಿ. ಊರಿನ ಹೆಸರು ಬದಲಿಸಿದರೆ ಇದೇ ಹಂಪಿಗೂ ಪಟ್ಟದಕಲ್ಲಿಗೂ ಆಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ವಿಷಯದ ಆಯ್ಕೆಗೆ ಇನ್ನೊಂದು ಸಮರ್ಥನೆಯೂ ಸಿಕ್ಕಿತು. ಪ್ರಶ್ನಾವಳಿ, ನೂರು ಜನರ ಸ್ಯಾಂಪಲ್, ಕೋಷ್ಟಕ, ಪೈ ಚಾರ್ಟ್, ಶಿಫಾರಸು ಎಂಬ ಈ ಸಾಲಿಗೆ ವಿಭಾಗಗಳಲ್ಲಿ ‘ವೈಜ್ಞಾನಿಕ’ ಎಂಬ ಗೌರವವಿದೆ. ಆ ಗೌರವಕ್ಕೆ ಇದು ಅರ್ಹವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ವರದಿಗಳ ಒಳ್ಳೆಯ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿ ಸ್ಥಳಕ್ಕೆ ಹೋಗುತ್ತಾನೆ, ಅಪರಿಚಿತರನ್ನು ಮಾತಾಡಿಸುತ್ತಾನೆ. ಅದು ಸಣ್ಣ ಸಂಗತಿಯಲ್ಲ. ತೊಂದರೆ ಇರುವುದು ಅವನ ಕೈಯಲ್ಲಿರುವ ಹಾಳೆಯಲ್ಲಿ. ಆ ಹಾಳೆಯ ಮುಖ್ಯ ವಾಕ್ಯ ಹೆಚ್ಚುಕಡಿಮೆ ಹೀಗಿರುತ್ತದೆ: ‘ದೇವಾಲಯದ ಒಟ್ಟಾರೆ ಅನುಭವ ನನಗೆ ತೃಪ್ತಿ ತಂದಿದೆ.’ ಎದುರಿಗೆ ‘ಬಲವಾಗಿ ಒಪ್ಪುವುದಿಲ್ಲ’ದಿಂದ ‘ಬಲವಾಗಿ ಒಪ್ಪುತ್ತೇನೆ’ವರೆಗೆ ಐದು ಮನೆ. ಈ ಒಂದು ವಾಕ್ಯವನ್ನೇ ಬಿಡಿಸಿ ನೋಡೋಣ.

ಉತ್ತರಿಸುವವರು ಯಾರು? ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಹರಕೆ ಹೊತ್ತು ಬಂದವರೂ ಮದನಿಕೆಯರನ್ನು ನೋಡಲು ಬಂದವರೂ ಅದೇ ಗೋಪುರದ ಬಾಗಿಲಿನಿಂದ ಒಳಗೆ ಬರುತ್ತಾರೆ. ದರ್ಶನವಾಗಿ ಮಂಗಳಾರತಿ ತೆಗೆದುಕೊಂಡವರಿಗೆ ಬಂದ ಕೆಲಸ ಆಯಿತು. ದೇವರ ಸನ್ನಿಧಿಗೆ ಕಡಿಮೆ ಅಂಕ ಕೊಡಲು ಅವರ ಮನಸ್ಸೂ ಒಪ್ಪದು. ಶಿಲ್ಪಕ್ಕಾಗಿ ಬಂದವರು ನವರಂಗದ ಕತ್ತಲಲ್ಲಿ ಕಂಬದ ಕುಸುರಿ ಕಾಣದೆ, ವಿವರಿಸುವವರಿಲ್ಲದೆ ಹೊರಬಂದಿದ್ದರೆ ನಡುವಿನ ಮನೆಗೆ ಗುರುತು ಹಾಕುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ನೂರು ಜನರಲ್ಲಿ 60 ಭಕ್ತರು ಸರಾಸರಿ 4.6 ಕೊಟ್ಟರು, 40 ಪ್ರವಾಸಿಗರು 3.1 ಕೊಟ್ಟರು ಎಂದುಕೊಳ್ಳೋಣ. ಒಟ್ಟು ಸರಾಸರಿ 4.0 ಬರುತ್ತದೆ. ‘ಪ್ರವಾಸಿಗರು ಸಾಮಾನ್ಯವಾಗಿ ತೃಪ್ತರಾಗಿದ್ದಾರೆ’ ಎಂದು ವರದಿ ಹೇಳುತ್ತದೆ. ಮುಂದಿನ ವರ್ಷ ಇನ್ನೊಬ್ಬ ವಿದ್ಯಾರ್ಥಿನಿ ಶಾಲೆಗಳ ಪ್ರವಾಸದ ತಿಂಗಳಲ್ಲಿ ಹೋಗುತ್ತಾಳೆ. ಆಗ ಸಿಕ್ಕಿದ್ದು 30 ಭಕ್ತರು, 70 ಪ್ರವಾಸಿಗರು. ಎರಡೂ ಗುಂಪಿನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ, ಆದರೆ ಸರಾಸರಿ 3.55ಕ್ಕೆ ಇಳಿಯುತ್ತದೆ. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಬೇಲೂರಿನ ವ್ಯವಸ್ಥೆ ಕೆಟ್ಟಿದೆ ಎಂದು ತಿಳಿಯುತ್ತಾರೆ. ನಿಜವಾಗಿ ಬದಲಾಗಿದ್ದು ಬಾಗಿಲಲ್ಲಿ ಸಿಕ್ಕ ಜನರ ಬೆರಕೆ ಮಾತ್ರ. ‘ಏತಕ್ಕೆ ಬಂದಿರಿ’ ಎಂಬ ಪ್ರಶ್ನೆ ಹಾಳೆಯಲ್ಲಿ ಇದ್ದರೂ ಅದು ವಯಸ್ಸು, ಲಿಂಗ, ಆದಾಯಗಳ ಜೊತೆ ಪರಿಚಯದ ಭಾಗದಲ್ಲೇ ಉಳಿಯುತ್ತದೆ. ಅದರ ಪ್ರಕಾರ ಉತ್ತರಗಳನ್ನು ಬೇರೆ ಮಾಡಿ ನೋಡುವುದಿಲ್ಲ.

ಇನ್ನು, ಉತ್ತರ ತಲುಪಬೇಕಾದದ್ದು ಯಾರಿಗೆ? ಕಟ್ಟಡದ ರಕ್ಷಣೆ ಪುರಾತತ್ವ ಸರ್ವೇಕ್ಷಣೆಯದು, ಪೂಜೆ ಮತ್ತು ದರ್ಶನದ ವ್ಯವಸ್ಥೆ ಮುಜರಾಯಿ ಇಲಾಖೆಯ ಕಡೆಯದು, ಗೋಪುರದಾಚೆಯ ಬೀದಿ ಊರಿನ ಆಡಳಿತದ್ದು. ‘ಸ್ವಚ್ಛತೆ ಮತ್ತು ನಿರ್ವಹಣೆ ತೃಪ್ತಿಕರ’ ಎಂಬುದಕ್ಕೆ 3.2 ಬಂತು ಎಂದುಕೊಳ್ಳಿ, ಅದು ಇವುಗಳಲ್ಲಿ ಯಾವುದರ ಅಂಕ? ಇದು ತಿಳಿಯದಿರುವುದರಿಂದಲೇ ಕೊನೆಯ ಅಧ್ಯಾಯದ ಶಿಫಾರಸು ಯಾರನ್ನೂ ಉದ್ದೇಶಿಸದೆ ‘ಮೂಲಸೌಕರ್ಯ ಹೆಚ್ಚಿಸಬೇಕು’ ಎಂದು ಮುಗಿಯುತ್ತದೆ.

ಈ ಅಳತೆಗೋಲು ಬಂದ ದಾರಿಯೂ ಗಮನಿಸತಕ್ಕದ್ದು. ಹಲವು ವರದಿಗಳು ಆಧಾರವೆಂದು ಹೆಸರಿಸುವ ಸರ್ವ್‌ಕ್ವಾಲ್ ಮಾದರಿಯನ್ನು ಪರಶುರಾಮನ್, ಝೈಥಮಲ್, ಬೆರ್ರಿ 1988ರಲ್ಲಿ 22 ಹೇಳಿಕೆಗಳಾಗಿ ರೂಪಿಸಿದರು. ಅವರು ಅದನ್ನು ಪರೀಕ್ಷಿಸಿದ್ದು ಬ್ಯಾಂಕು, ಕ್ರೆಡಿಟ್ ಕಾರ್ಡ್, ದುರಸ್ತಿಯಂಥ ಸೇವೆಗಳಲ್ಲಿ. ಅಲ್ಲಿ ಗ್ರಾಹಕನಿಗೆ ಏನು ಸಿಗಬೇಕೆಂಬ ನಿರೀಕ್ಷೆ ಸ್ಪಷ್ಟ, ಕೊಡುವವನೂ ಒಬ್ಬನೇ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯೆದುರು ಮೊದಲ ಸಲ ನಿಂತವನಿಗೆ ಏನನ್ನು ನಿರೀಕ್ಷಿಸಬೇಕು ಎಂಬುದೇ ಗೊತ್ತಿರುವುದಿಲ್ಲ.

ಇಲ್ಲಿ ಇಬ್ಬರ ಜೊತೆ ನನಗೆ ಜಗಳವಿದೆ. ಮೊದಲನೆಯವರು, ‘ಪದವಿ ಮಟ್ಟದಲ್ಲಿ ವಿಷಯ ಮುಖ್ಯವಲ್ಲ, ವಿಧಾನ ಕಲಿತರೆ ಸಾಕು’ ಎನ್ನುವ ಅಧ್ಯಾಪಕರು. ವಿದ್ಯಾರ್ಥಿ ಕಲಿಯುವ ವಿಧಾನ ಯಾವುದು? ಎದುರಿಗೆ ಸಿಕ್ಕವರನ್ನು ಕೇಳುವುದು, ಬೇರೆ ಬೇರೆ ಗುಂಪುಗಳನ್ನು ಕೂಡಿಸಿ ಸರಾಸರಿ ತೆಗೆಯುವುದು, ಲಿಂಗಕ್ಕೂ ತೃಪ್ತಿಗೂ ಸಂಬಂಧವಿದೆಯೇ ಎಂದು ಪರೀಕ್ಷೆ ಹಚ್ಚುವುದು. ಶೇ 5ರ ಮಟ್ಟದಲ್ಲಿ ಇಂಥ ಇಪ್ಪತ್ತು ಪರೀಕ್ಷೆ ಮಾಡಿದರೆ, ನಿಜವಾದ ಸಂಬಂಧ ಒಂದೂ ಇಲ್ಲದಿದ್ದಾಗಲೂ ಸುಮಾರು ಒಂದರಲ್ಲಿ ‘ಸಂಬಂಧವಿದೆ’ ಎಂಬ ಫಲ ಬರುವ ಸಂಭವವಿದೆ. ವರದಿಯ ‘ಮುಖ್ಯ ಶೋಧ’ ಆಗುವುದು ಅನೇಕ ಸಲ ಅದೇ. ಕೆಟ್ಟ ವಿಧಾನವನ್ನು ಅಭ್ಯಾಸ ಮಾಡಿಸುವುದು ಕಲಿಸದೆ ಬಿಡುವುದಕ್ಕಿಂತ ಹೆಚ್ಚಿನ ಹಾನಿ.

ಎರಡನೆಯವರು, ‘ದೇಗುಲದ ಅನುಭವ ಅಳತೆಗೆ ಸಿಗುವಂಥದ್ದಲ್ಲ’ ಎಂದು ಪ್ರಶ್ನಾವಳಿಯನ್ನೇ ತಳ್ಳಿಹಾಕುವ ಸಂಸ್ಕೃತಿ ವಿಮರ್ಶಕರು. ಈ ಮಾತು ದೊಡ್ಡದಾಗಿ ಕೇಳಿಸುತ್ತದೆ. ಆದರೆ ಇದನ್ನು ನಂಬಿದ ವಿದ್ಯಾರ್ಥಿ ಬರೆಯುವುದು ಹೊಯ್ಸಳರ ವಂಶಾವಳಿಯ ನಲವತ್ತು ಪುಟ ಮಾತ್ರ. ಭಕ್ತಿಯನ್ನು ಅಳೆಯಲಾಗದು, ನಿಜ. ಜನ ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಎಲ್ಲಿಂದ ಹಿಂದಿರುಗಿದರು ಎಂಬುದನ್ನು ಅಳೆಯಬಹುದು. ವಸ್ತುಸಂಗ್ರಹಾಲಯಗಳಲ್ಲಿ ಎಡ್ವರ್ಡ್ ರಾಬಿನ್ಸನ್ 1928ರಲ್ಲಿ, ಆರ್ಥರ್ ಮೆಲ್ಟನ್ 1935ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನೇ ಮಾಡಿದವು. ನೋಡುಗರನ್ನು ಏನೂ ಕೇಳದೆ, ಅವರ ನಡೆಯನ್ನೂ ನಿಲುಗಡೆಯನ್ನೂ ದಾಖಲಿಸಿದವು.

ಬೇಲೂರಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ದೇವಾಲಯದ ತಲವಿನ್ಯಾಸವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಜಗತಿಯ ಸುತ್ತಿನ ದಾರಿಯನ್ನು ಎಂಟು ಭಾಗ ಮಾಡಿ. ಒಳಗೆ ಬರುವ ಪ್ರತಿ ಐದನೆಯ ಗುಂಪನ್ನು ಆರಿಸಿದರೆ ಮಾತಿಗೆ ಸಿಗುವ ಹಸನ್ಮುಖಿಗಳನ್ನೇ ಹಿಡಿಯುವ ದೋಷ ತಪ್ಪುತ್ತದೆ. ಗುಂಪಿಗೆ ಗೈಡ್ ಇದ್ದಾರೆಯೇ, ಮೊದಲು ಹೋದದ್ದು ಗರ್ಭಗುಡಿಯ ಕಡೆಗೋ ಹೊರಗೋಡೆಯ ಕಡೆಗೋ, ಯಾವ ಭಾಗದಲ್ಲಿ ನಿಂತರು, ಸುತ್ತು ಪೂರ್ತಿ ಮಾಡಿದರೇ ಎಂದು ಗುರುತಿಸಿ. ಇದನ್ನು ಬೆಳಗ್ಗೆ 9ಕ್ಕೂ ಮಧ್ಯಾಹ್ನ 1ಕ್ಕೂ ಮಾಡಿ. ಚಪ್ಪಲಿ ಹೊರಗೇ ಬಿಟ್ಟಿರುವುದರಿಂದ ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಎಷ್ಟು ಜನ ಅರ್ಧ ಸುತ್ತಿಗೇ ನೆರಳಿಗೆ ಸರಿದರು ಎಂಬುದು ಆಗ ಸಂಖ್ಯೆಯಾಗಿ ಸಿಗುತ್ತದೆ. ನೆಲಹಾಸು ಯಾವ ಬದಿಗೆ, ಯಾವ ಹೊತ್ತಿಗೆ ಬೇಕು ಎಂದು ಅದು ನೇರವಾಗಿ ಹೇಳುತ್ತದೆ. ಮದನಿಕೆಯರು ಸೂರಿನ ಕೆಳಗೆ, ತಲೆಯೆತ್ತಿದರಷ್ಟೇ ಕಾಣುವಷ್ಟು ಎತ್ತರದಲ್ಲಿದ್ದಾರೆ. ಗೈಡ್ ಇಲ್ಲದ ಗುಂಪುಗಳು ಅವರನ್ನು ನೋಡದೆ ದಾಟುತ್ತವೆಯೇ ಎಂಬುದೂ ಇದೇ ಹಾಳೆಯಿಂದ ತಿಳಿಯುತ್ತದೆ. ಹೊರಬಾಗಿಲಲ್ಲಿ ಒಂದೇ ಪ್ರಶ್ನೆ ಸಾಕು: ಈಗ ನೆನಪಿರುವ ಒಂದು ಶಿಲ್ಪ ಹೇಳಿ.

ಇದಕ್ಕೂ ಮಿತಿಗಳಿವೆ. ಎಲ್ಲಿ ನಿಂತರು ಎಂಬುದು ಏಕೆ ನಿಂತರು ಎಂಬುದಕ್ಕೆ ಉತ್ತರವಲ್ಲ. ಜನಜಂಗುಳಿಯ ದಿನ ಗುಂಪು ಕಣ್ತಪ್ಪುತ್ತದೆ. ಮೊದಲ ಹತ್ತು ಗುಂಪುಗಳನ್ನು ಇಬ್ಬರು ಬೇರೆ ಬೇರೆ ಬರೆದು ತಾಳೆ ನೋಡಬೇಕು. ತಾಳೆಯಾಗದಿದ್ದರೆ ‘ನಿಲ್ಲುವುದು’ ಎಂದರೆ ಕನಿಷ್ಠ ಎಷ್ಟು ಸೆಕೆಂಡು ಎಂಬುದು ಇನ್ನೂ ನಿಗದಿಯಾಗಿಲ್ಲ ಎಂದರ್ಥ. ಈ ತಪ್ಪುಗಳು ಕಣ್ಣಿಗೆ ಬೀಳುತ್ತವೆ, ಆದ್ದರಿಂದ ತಿದ್ದಬಹುದು. 4.0 ಎಂಬ ಸರಾಸರಿಯೊಳಗಿನ ತಪ್ಪು ಅದನ್ನು ಬರೆದವನಿಗೂ ಕಾಣುವುದಿಲ್ಲ.

ಹಾಗಾಗಿ ವಿಭಾಗಗಳು ಜೀವಂತ ದೇವಾಲಯಗಳ ಮಟ್ಟಿಗೆ ‘ಪ್ರವಾಸಿಗರ ತೃಪ್ತಿ’ ಎಂಬ ವಿಷಯಕ್ಕೆ ಒಪ್ಪಿಗೆ ಕೊಡುವುದನ್ನು ನಿಲ್ಲಿಸಬೇಕು. ಬದಲಿಗೆ, ಒಂದು ದೇವಾಲಯದ ಒಂದು ದಾರಿಯಲ್ಲಿ ಜನ ಏನನ್ನು ನೋಡದೆ ಹೋಗುತ್ತಾರೆ, ಅದಕ್ಕೆ ಕಾರಣ ಯಾವುದು, ಅದನ್ನು ಸರಿಪಡಿಸಬೇಕಾದ ಇಲಾಖೆ ಯಾವುದು ಎಂದು ವೈವಾದಲ್ಲಿ ಕೇಳಲಿ. ಈ ಮೂರಕ್ಕೂ ಉತ್ತರ ಕೊಡುವ ಹದಿನೈದು ಪುಟದ ವರದಿಯನ್ನು ನಾನು ಎಂಬತ್ತು ಪುಟದ ಕೋಷ್ಟಕಗಳಿಗಿಂತ ಮೇಲೆ ಇಡುತ್ತೇನೆ.